‘ದೆಹಲಿಯ ಗಾಳಿ’ಯಿಂದ ಒಂದೇ ಪ್ರಶ್ನೆಗೆ: ನನ್ನ ಗೈಡ್ ಬರೆದ ಪತ್ರ

ಕೆಲಸ ಮಾಡ್ತಾನೇ ಎಂಟೆಕ್ ಮಾಡ್ತಿರೋರಿಗೆ ಇವತ್ತಿನ ಮಾತು. ನೋಯ್ಡಾದಲ್ಲಿ ನಾನೂ ಹಾಗೇ ಓದಿದವನು. ಹಗಲು ಆಫೀಸು, ರಾತ್ರಿ ಥೀಸಿಸ್. ಸಲ್ಲಿಸೋಕೆ ಹದಿನಾಲ್ಕು ವಾರ ಉಳಿದಿದ್ದಾಗ ನಾನು ಕೊಟ್ಟ ವಿಷಯ: ‘ಮಷೀನ್ ಲರ್ನಿಂಗ್ ಬಳಸಿ ದೆಹಲಿಯ ವಾಯುಮಾಲಿನ್ಯದ ಮುನ್ಸೂಚನೆ’. ಗೈಡ್ ಬೇಡ ಅನ್ನಲಿಲ್ಲ. ಎರಡು ಪುಟದ ಪತ್ರ ಕಳಿಸಿದರು. ಇಂಗ್ಲಿಷಿನಲ್ಲಿದ್ದ ಆ ಪತ್ರದ ಸಾರವನ್ನು ನನ್ನ ಮಾತಲ್ಲಿ ಹೇಳ್ತೀನಿ.

ಮೊದಲನೇ ಸಾಲೇ ಹೀಗಿತ್ತು: ನಿಮ್ಮ ಶೀರ್ಷಿಕೆಯಲ್ಲಿ ಪ್ರಶ್ನೆಯೇ ಇಲ್ಲ, ಹಾಗಾಗಿ ಅದು ತಪ್ಪಾಗೋದೂ ಸಾಧ್ಯವಿಲ್ಲ. ಆಮೇಲೆ ಒಂದೊಂದೇ ಪದ ಹಿಡಿದು ಕೇಳಿದ್ದರು. ‘ದೆಹಲಿ’ ಅಂದರೆ ಯಾವ ಜಾಗ? ಆನಂದ್ ವಿಹಾರದ ಗಾಳಿಯೂ ಮಂದಿರ್ ಮಾರ್ಗದ ಗಾಳಿಯೂ ಒಂದೇ ದಿನ ಬೇರೆ ಬೇರೆ ಇರುತ್ತೆ. ‘ಮಾಲಿನ್ಯ’ ಅಂದರೆ ಯಾವುದು? ಪಿಎಂ 2.5ನೋ, ಓಜೋನೋ? ‘ಮುನ್ಸೂಚನೆ’ ಅಂದರೆ ಎಷ್ಟು ಗಂಟೆ ಮುಂಚೆ?

ಉತ್ತರ ಕೊಡ್ತಾ ಹೋದಂತೆ ವಿಷಯ ತಾನಾಗಿಯೇ ಕಿರಿದಾಯ್ತು. ಜಾಗ: ನೋಯ್ಡಾ ಸೆಕ್ಟರ್ 62ರ ಮಾಪನ ಕೇಂದ್ರ. ಅದರ ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಅಳತೆ: ಪಿಎಂ 2.5ರ ದಿನದ ಸರಾಸರಿ. ಕಾಲ: ಅಕ್ಟೋಬರಿನಿಂದ ಜನವರಿ. ಸಮಯ: ಸಂಜೆ ಆರು ಗಂಟೆಗೆ ಕೂತು ನಾಳೆಯದನ್ನು ಹೇಳಬೇಕು.

ನಾನು ‘ಸಿವಿಯರ್’ ದಿನಗಳನ್ನೇ ಊಹಿಸ್ತೀನಿ ಅಂದಿದ್ದೆ, ಅಂದರೆ ಘನ ಮೀಟರಿಗೆ 250 ಮೈಕ್ರೋಗ್ರಾಂ ದಾಟುವ ದಿನಗಳು. ಅದಕ್ಕೆ ಅವರು ಲೆಕ್ಕ ಬರೆದಿದ್ದರು. ನಾಲ್ಕು ತಿಂಗಳಿಗೆ 123 ದಿನ, ನಾಲ್ಕು ಚಳಿಗಾಲಕ್ಕೆ 492. ಇದರಲ್ಲಿ ಮಿತಿ ದಾಟುವುದು ಒಂದು ಭಾಗ ಮಾತ್ರ, ಅದನ್ನೂ ಕಲಿಕೆಗೆ ಮತ್ತು ಪರೀಕ್ಷೆಗೆ ಹಂಚಬೇಕು. ಕೈಬೆರಳೆಣಿಕೆಯ ದಿನಗಳ ಮೇಲೆ ಫಲಿತಾಂಶ ನಿಂತರೆ ಅದು ಅದೃಷ್ಟವೋ ಮಾದರಿಯ ಗುಣವೋ ಹೇಳೋಕಾಗಲ್ಲ. ಹಾಗಾಗಿ ದಾಟುತ್ತಾ ಇಲ್ವಾ ಅನ್ನೋದನ್ನು ಬಿಟ್ಟು, ಸರಾಸರಿ ಎಷ್ಟಿರುತ್ತೆ ಅಂತಲೇ ಹೇಳಿ ಅಂದರು. ಆಗ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತೆ.

ಪತ್ರದ ಮುಖ್ಯ ಭಾಗ ಇದರ ನಂತರದ್ದು. ಮಾದರಿ ಯಾರನ್ನು ಸೋಲಿಸಬೇಕು? ಏನೂ ಗೊತ್ತಿಲ್ಲದವನೂ ‘ಇವತ್ತಿನಷ್ಟೇ ನಾಳೆ’ ಅಂತ ಹೇಳಬಹುದು. ಚಳಿಗಾಲದಲ್ಲಿ ಗಾಳಿ ನಿಂತುಬಿಟ್ಟರೆ ಆ ಊಹೆ ಹಲವು ದಿನ ಸರಿಯೇ ಆಗುತ್ತೆ. ಸಂಜೆ ಆರರವರೆಗಿನ 24 ಗಂಟೆಯ ಸರಾಸರಿ 180 ಇದ್ದು, ಮರುದಿನ 230 ಬಂತು ಅಂದುಕೊಳ್ಳಿ. ಈ ಸುಲಭ ಊಹೆಯ ತಪ್ಪು 50. ನನ್ನ ಮಾದರಿ 205 ಅಂದಿದ್ದರೆ ಅದರ ತಪ್ಪು 25. ಇಡೀ ಚಳಿಗಾಲಕ್ಕೆ ಎರಡೂ ತಪ್ಪುಗಳ ಸರಾಸರಿ ಹೋಲಿಸಿದರೆ ಉತ್ತರ ಸಿಗುತ್ತೆ.

ಕೊನೆಗೆ ಉಳಿದ ಪ್ರಶ್ನೆ ಇದು: ‘ಸೆಕ್ಟರ್ 62ರಲ್ಲಿ, ಅಕ್ಟೋಬರ್–ಜನವರಿಯಲ್ಲಿ, ನಾಳೆಯ ಗಾಳಿಯ ವೇಗದ ಮುನ್ಸೂಚನೆ ಸೇರಿಸಿದರೆ, ನಾಳೆಯ ಪಿಎಂ 2.5 ಸರಾಸರಿಯ ಊಹೆ “ಇವತ್ತಿನಷ್ಟೇ ನಾಳೆ” ಅನ್ನೋದಕ್ಕಿಂತ ಸುಧಾರಿಸುತ್ತದೆಯೇ?’ ‘ಇಲ್ಲ’ ಅಂತ ಬಂದರೂ ಥೀಸಿಸ್ ನಿಲ್ಲುತ್ತೆ, ಯಾಕಂದ್ರೆ ಅದೂ ಉತ್ತರವೇ.

ಆದರೂ ನಾನು ಎಡವಿದೆ. ಮೊದಲ ಫಲಿತಾಂಶದಲ್ಲಿ ತಪ್ಪು ಅರ್ಧಕ್ಕಿಳಿದಿತ್ತು, ಖುಷಿಯಿಂದ ಕಳಿಸಿದೆ. ಗೈಡ್ ಕೇಳಿದ್ದು ಒಂದೇ: ‘ಈ ಗಾಳಿಯ ವೇಗ ಸಂಜೆ ಆರಕ್ಕೆ ನಿಮ್ಮ ಕೈಯಲ್ಲಿತ್ತಾ?’ ಇರಲಿಲ್ಲ. ಮರುದಿನ ಅಳೆದ ವೇಗವನ್ನೇ ಮುನ್ಸೂಚನೆಯ ಜಾಗದಲ್ಲಿ ಹಾಕಿದ್ದೆ. ಅಂದರೆ ಉತ್ತರಪತ್ರಿಕೆ ನೋಡಿ ಪರೀಕ್ಷೆ ಬರೆದ ಹಾಗೆ. ಆಮೇಲೆ ಅಮೆರಿಕದ ಜಿಎಫ್‌ಎಸ್ ಹವಾಮಾನ ಮಾದರಿಯ ಹಳೆಯ ಮುನ್ಸೂಚನೆಗಳನ್ನು ಇಳಿಸಿಕೊಂಡು ಮತ್ತೆ ಮಾಡಿದೆ. ದಿನಗಳನ್ನು ಕಲಸಿ ಹಂಚೋದನ್ನೂ ಬಿಟ್ಟೆ, ಯಾಕಂದ್ರೆ ಪಕ್ಕಪಕ್ಕದ ದಿನಗಳು ಒಂದೇ ಥರ ಇರುತ್ತವೆ. ಮೂರು ಚಳಿಗಾಲ ಕಲಿಕೆಗೆ, ನಾಲ್ಕನೆಯದು ಪೂರ್ತಿ ಪರೀಕ್ಷೆಗೆ ಅಂತ ಇಟ್ಟೆ. ಸುಧಾರಣೆ ಬಹಳ ಕಮ್ಮಿಯಾಯ್ತು, ಮುಖ್ಯವಾಗಿ ಗಾಳಿ ಬದಲಾದ ದಿನಗಳಲ್ಲೇ ಕಂಡಿತು. ಅಷ್ಟನ್ನೇ ಬರೆದೆ. ಇದು ಇಡೀ ದೆಹಲಿಗೆ ಅನ್ವಯಿಸಲ್ಲ ಅಂತಾನೂ ಬರೆದೆ. ಥೀಸಿಸ್ ಸಮಯಕ್ಕೆ ಸಲ್ಲಿಕೆಯಾಯ್ತು.

ನಿಮ್ಮ ವಿಷಯ ಬೇರೆ ಇರಬಹುದು. ಗೈಡ್‌ಗೆ ಕಳಿಸೋ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದು ನೋಡಿ: ಎಲ್ಲಿ, ಯಾವಾಗ, ಯಾವ ಅಳತೆ, ಯಾರನ್ನು ಸೋಲಿಸಬೇಕು, ಯಾವ ಅಂಕಿ ಬಂದರೆ ‘ಇಲ್ಲ’ ಅಂತ ಒಪ್ಪಿಕೊಳ್ತೀನಿ. ಕೊನೆಯದಕ್ಕೆ ಉತ್ತರ ಹೊಳೆಯದಿದ್ದರೆ ವಿಷಯ ಇನ್ನೂ ದೊಡ್ಡದಾಗಿದೆ ಅಂತ ಅರ್ಥ.