ಒಂದು ಲೀಟರಿಗೆ ಎರಡೂವರೆ ಸಮೋಸ

ನಮ್ಮ ಬಡಾವಣೆಯ ಶಾಲೆಯ ಕ್ಯಾಂಟೀನಿನಲ್ಲಿ, ಒಲೆಯ ಎದುರಿನ ಗೋಡೆಯ ಮೇಲೆ ಒಂದು ಕಾರ್ಡ್ ಇದೆ. ಎಣ್ಣೆ ತಾಗಿದರೆ ಒರೆಸಿಬಿಡಲು ಬರುವಂತೆ ಪ್ಲಾಸ್ಟಿಕ್ ಹೊದಿಸಿದ ಹಳದಿ ಕಾರ್ಡು. ಅದರ ಮೇಲಿರುವುದು ಬರೀ ಎಂಟು ಸಾಲು. ಆ ಎಂಟು ಸಾಲನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕ ಮತ್ತು ಅಕ್ಷರ ಎರಡೂ ನೆಟ್ಟಗಿವೆ ಎಂಬುದಷ್ಟೇ ಅದಕ್ಕೆ ಕಾರಣ. ಹದ ಗೊತ್ತಿದ್ದುದು ಅಲ್ಲಿನ ಭಟ್ಟರಿಗೆ. ಗಡಿಯಾರ ಮತ್ತು ಥರ್ಮಾಮೀಟರು ನನ್ನ ಕೈಯಲ್ಲಿ.

ಸಮೋಸ ಕರಿಯುವುದಕ್ಕೂ ಕಾರ್ಡ್ ಬೇಕೇ ಎಂದು ನೀವು ಕೇಳಬಹುದು. ದಿನಾ ಕರಿಯುವವರಿಗೆ ಬೇಡ. ಆದರೆ ಶಾಲೆಯ ಕ್ಯಾಂಟೀನಿನಲ್ಲಿ ದಿನಾ ಕರಿಯುವಂತಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಹಾಗಾಗಿ ಈ ಶಾಲೆಯಲ್ಲಿ ಸಮೋಸ ಮಾರಾಟಕ್ಕಿಲ್ಲ. ಕ್ರೀಡಾ ದಿನ, ವಾರ್ಷಿಕೋತ್ಸವ ಎಂದು ವರ್ಷಕ್ಕೆ ನಾಲ್ಕೈದು ಸಲ ಹಂಚುತ್ತಾರೆ, ಅಷ್ಟೆ. ತೊಡಕು ಇರುವುದೂ ಅಲ್ಲೇ. ದಿನಾ ಅನ್ನ ಸಾರು, ಉಪ್ಪಿಟ್ಟು ಮಾಡುವ ಕೈಗಳು ಒಂದು ದಿನ ಇದ್ದಕ್ಕಿದ್ದಂತೆ ಇನ್ನೂರು ಸಮೋಸ ಕರಿಯಬೇಕು.

ಹಿಂದಿನ ಒಂದು ಕ್ರೀಡಾ ದಿನ ಏನಾಯಿತು ಎಂಬುದನ್ನು ಹೇಳಿದರೆ ಕಾರ್ಡಿನ ಅಗತ್ಯ ತಿಳಿಯುತ್ತದೆ. ಹತ್ತು ಲೀಟರ್ ಎಣ್ಣೆಯ ಬಾಣಲೆಗೆ ಸಹಾಯಕರು ಒಂದೇ ಸಲಕ್ಕೆ ಅರವತ್ತು ಸಮೋಸ ಇಳಿಬಿಟ್ಟರು. ಬೇಗ ಮುಗಿಯಲಿ ಎಂಬ ಆಸೆ. ಎಣ್ಣೆಯ ಸದ್ದೇ ನಿಂತುಹೋಯಿತು. ಹದಿನೈದು ನಿಮಿಷವಾದರೂ ಬಿಳಿಚಿಕೊಂಡೇ ಇದ್ದವು. ಆಗ ಉರಿಯನ್ನು ಪೂರ್ತಿ ಏರಿಸಿದರು. ಹೊರಗೆ ಕೆಂಪಗಾಯಿತು, ಮಡಿಕೆಗಳ ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯಿತು. ಹಿಡಿದ ಕೈಗೆಲ್ಲ ಎಣ್ಣೆ. ಮಕ್ಕಳು ಒಳಗಿನ ಪಲ್ಯ ತಿಂದು ಸಿಪ್ಪೆ ಬಿಟ್ಟರು. ಬೈಗುಳ ಬಿದ್ದದ್ದು ಭಟ್ಟರಿಗೆ. "ಗ್ಯಾಸು ಸರಿ ಇಲ್ಲ ಸಾರ್" ಎಂದು ಅವರು ಹೇಳಿದರು. ಗ್ಯಾಸು ಸರಿಯಾಗಿಯೇ ಇತ್ತು.

ಎಣ್ಣೆಯ ಜಮಾ ಖರ್ಚು

ಬಿ.ಕಾಂ. ಓದಿದವನಿಗೆ ಇದು ಖಾತೆಯ ಹಾಗೆ ಕಂಡಿತು. ಕಾದ ಎಣ್ಣೆಯಲ್ಲಿರುವ ಬಿಸಿ ಎಂದರೆ ಠೇವಣಿ. ತಣ್ಣಗಿನ ಸಮೋಸ ಪ್ರತಿಯೊಂದೂ ಅದರಿಂದ ಒಂದಿಷ್ಟು ಹಣ ತೆಗೆಯುತ್ತದೆ. ಒಲೆ ಜಮಾ ಮಾಡುತ್ತಲೇ ಇರುತ್ತದೆ, ಆದರೆ ನಿಧಾನವಾಗಿ. ಒಮ್ಮೆಗೇ ಹೆಚ್ಚು ಜನ ಹಣ ತೆಗೆದರೆ ಖಾತೆ ತಳ ಕಾಣುತ್ತದೆ.

ಲೆಕ್ಕ ಹೀಗೆ. ಒಂದು ಸಮೋಸ ಸುಮಾರು 60 ಗ್ರಾಂ. ಹತ್ತು ಲೀಟರ್ ಎಣ್ಣೆಯ ತೂಕ ಸುಮಾರು 9 ಕೆ.ಜಿ. ಎಣ್ಣೆ 150 ಡಿಗ್ರಿ ಸೆಲ್ಸಿಯಸ್ ಇರುವಾಗ 25 ಸಮೋಸ, ಅಂದರೆ ಒಂದೂವರೆ ಕೆ.ಜಿ. ಹಾಕಿದರೆ, ಎಣ್ಣೆ 125ರ ಆಸುಪಾಸಿಗೆ ಇಳಿದು ಉರಿಯ ಬಲದಿಂದ ಮತ್ತೆ ಏರತೊಡಗುತ್ತದೆ. ಅದೇ 60 ಹಾಕಿದರೆ 105ರ ಹತ್ತಿರಕ್ಕೆ ಕುಸಿಯುತ್ತದೆ. ನೀರು ಕುದಿಯುವುದು 100ಕ್ಕೆ. ಸಮೋಸದ ಕಣಕದಲ್ಲಿರುವ ನೀರು ಆವಿಯಾಗಿ ಹೋದರೆ ಮಾತ್ರ ಸಿಪ್ಪೆ ಗರಿಯಾಗುತ್ತದೆ. 105 ಡಿಗ್ರಿಯ ಎಣ್ಣೆಯಲ್ಲಿ ಆ ನೀರು ಹೊರಡುವುದೇ ಇಲ್ಲ ಎನ್ನುವಷ್ಟು ನಿಧಾನ. ಕರಿಯುವ ಬದಲು ಎಣ್ಣೆಯಲ್ಲಿ ನೆನೆಸಿಟ್ಟಂತೆ ಆಗುತ್ತದೆ.

ಆದ್ದರಿಂದಲೇ ಕಾರ್ಡಿನ ಮೊದಲ ಸಾಲು: ಒಂದು ಲೀಟರ್ ಎಣ್ಣೆಗೆ ಎರಡೂವರೆ ಸಮೋಸ. ಹತ್ತು ಲೀಟರಿಗೆ ಒಬ್ಬೆಗೆ 25. ಫ್ರಿಜ್ಜಿನಿಂದ ತೆಗೆದ ಸಮೋಸವಾದರೆ 20 ಸಾಕು, ಅವು ಇನ್ನೂ ಹೆಚ್ಚು ಬಿಸಿಯನ್ನು ಎಳೆದುಕೊಳ್ಳುತ್ತವೆ.

ಹಾಗಿದ್ದರೆ ಎಣ್ಣೆಯನ್ನು 190ಕ್ಕೆ ಕಾಯಿಸಿಬಿಟ್ಟರೆ ಆಗದೇ? ಪೂರಿಗೆ ಅದು ಸರಿ, ಸಮೋಸಕ್ಕಲ್ಲ. ಪೂರಿ ತೆಳ್ಳಗಿದೆ, ಒಂದು ನಿಮಿಷದೊಳಗೆ ಬೇಯುತ್ತದೆ. ಸಮೋಸದ ಸಿಪ್ಪೆ ದಪ್ಪ, ಮೂಲೆಗಳಲ್ಲಿ ಎರಡು ಮೂರು ಪದರ. ತುಂಬ ಕಾದ ಎಣ್ಣೆಗೆ ಬಿದ್ದರೆ ಹೊರಗಿನ ನೀರು ಒಮ್ಮೆಗೇ ಆವಿಯಾಗಿ ಮೈಯೆಲ್ಲ ಗುಳ್ಳೆ ಏಳುತ್ತದೆ. ಬಣ್ಣ ನಾಲ್ಕೇ ನಿಮಿಷಕ್ಕೆ ಬಂದುಬಿಡುತ್ತದೆ, ಪದರದ ಒಳಗೆ ಹಸಿಹಿಟ್ಟು. ಹೊರಗೆ ಗುಳ್ಳೆ ಕಂಡರೆ ಎಣ್ಣೆ ಹೆಚ್ಚು ಕಾದಿತ್ತು ಎಂದು ತಿಳಿಯಿರಿ. ಕಣಕ ಸಡಿಲವಾಗಿ ಕಲಸಿದ್ದರೂ ಗುಳ್ಳೆ ಬರುತ್ತದೆ. ಪೂರಿಗಿಂತ ಗಟ್ಟಿಯಾಗಿರಬೇಕು.

ಹನ್ನೆರಡು ನಿಮಿಷದ ಎರಡು ಭಾಗ

ಒಂದು ಒಬ್ಬೆಗೆ ಹನ್ನೆರಡು ನಿಮಿಷ. ಮೊದಲ ಎಂಟು ನಿಮಿಷ ಎಣ್ಣೆ 130ರಿಂದ 140ರೊಳಗೆ ಇರುವಂತೆ ಉರಿ ಹಿಡಿದಿಡಬೇಕು. ಮೊದಲ ಎರಡು ನಿಮಿಷ ಮುಟ್ಟಬಾರದು, ಸಿಪ್ಪೆ ಇನ್ನೂ ಮೆತ್ತಗಿರುತ್ತದೆ, ಸೌಟು ತಾಗಿದರೆ ಹರಿಯುತ್ತದೆ. ಆಮೇಲೆ ಮೆಲ್ಲಗೆ ಮಗುಚುತ್ತಿರಬೇಕು. ಕೊನೆಯ ನಾಲ್ಕು ನಿಮಿಷ ಉರಿ ಏರಿಸಿ 160ಕ್ಕೆ ತರಬೇಕು. ಬೇಯುವುದು ಮೊದಲ ಭಾಗದಲ್ಲಿ, ಬಣ್ಣ ಮತ್ತು ಗರಿ ಬರುವುದು ಎರಡನೆಯದರಲ್ಲಿ.

ಭಟ್ಟರು ಗಡಿಯಾರ ನೋಡುವವರಲ್ಲ. ಅವರು ಕಿವಿಗೊಟ್ಟು ಕೇಳುತ್ತಾರೆ. "ಸದ್ದು ಸಣ್ಣಗಾಯ್ತು ನೋಡಿ ಸಾರ್, ಗುಳುಗುಳು ಕಮ್ಮಿ ಆದ್ರೆ ನೀರು ಹೋಯ್ತು ಅಂತ" ಎಂದರು. ಅವರ ಮಾತು ನಿಜ. ಸಮೋಸದ ಸುತ್ತ ಏಳುವ ಗುಳ್ಳೆಗಳೆಲ್ಲ ಕಣಕದಿಂದ ಹೊರಡುವ ನೀರಾವಿ. ನೀರು ಮುಗಿಯುತ್ತ ಬಂದಂತೆ ಗುಳ್ಳೆ ಕಡಿಮೆಯಾಗುತ್ತವೆ. ಆದರೂ ಪ್ರತಿ ಒಬ್ಬೆಯಿಂದ ಒಂದು ಸಮೋಸ ಮುರಿದು ನೋಡಬೇಕು ಎಂದು ಕಾರ್ಡಿನಲ್ಲಿ ಬರೆದಿದೆ. ಮೂಲೆಯ ಪದರ ಬೆಂದಿರಬೇಕು, ಪಲ್ಯದ ನಡುವೆ ಥರ್ಮಾಮೀಟರು ಚುಚ್ಚಿದರೆ 75 ಡಿಗ್ರಿ ದಾಟಿರಬೇಕು. ಎಣ್ಣೆಗೂ ಪಲ್ಯಕ್ಕೂ ಅಡುಗೆಮನೆಯ ಥರ್ಮಾಮೀಟರೇ ಬೇಕು, ಜ್ವರ ನೋಡುವುದಲ್ಲ. ಎಣ್ಣೆ ನೋಡುವಾಗ ಅದರ ತುದಿ ಬಾಣಲೆಯ ತಳಕ್ಕೆ ತಾಗಬಾರದು. ತಳ ಯಾವಾಗಲೂ ಹೆಚ್ಚು ಬಿಸಿ.

ಒಂದು ಒಬ್ಬೆ ತೆಗೆದ ಕೂಡಲೇ ಮುಂದಿನದನ್ನು ಹಾಕಬಾರದು. ಎಣ್ಣೆ ಆಗ 160ರಲ್ಲಿ ಇರುತ್ತದೆ. ಉರಿ ಆರಿಸಿ, ತೇಲುವ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆದು, 150ಕ್ಕೆ ಇಳಿಯುವವರೆಗೆ ಕಾಯಬೇಕು. ಇದಕ್ಕೆ ಮೂರು ನಿಮಿಷ ಇಟ್ಟುಕೊಂಡಿದ್ದೇವೆ.

ಎಣ್ಣೆ ಕುಡಿಯುವುದು ಎಲ್ಲಿ?

ನನಗೆ ಹೆಚ್ಚು ಅಚ್ಚರಿ ತಂದ ಸಂಗತಿ ಇದು. ಸಮೋಸ ಎಣ್ಣೆ ಕುಡಿಯುವುದು ಬಾಣಲೆಯೊಳಗೆ ಎಂದು ನಾವೆಲ್ಲ ತಿಳಿದಿದ್ದೇವೆ. ಹೆಚ್ಚಿನ ಪಾಲು ಹಾಗಲ್ಲ. ಕರಿಯುವಾಗ ಒಳಗಿನ ಆವಿ ಹೊರಕ್ಕೆ ನುಗ್ಗುತ್ತಿರುತ್ತದೆ, ಎಣ್ಣೆಗೆ ಒಳಗೆ ಬರಲು ದಾರಿ ಕಡಿಮೆ. ಹೊರಗೆ ತೆಗೆದ ಮೇಲೆ ಸಿಪ್ಪೆ ತಣಿಯುತ್ತದೆ, ಅದರ ಸಣ್ಣ ರಂಧ್ರಗಳಲ್ಲಿದ್ದ ಆವಿ ನೀರಾಗಿ ಕುಗ್ಗುತ್ತದೆ. ಆ ಖಾಲಿ ಜಾಗಕ್ಕೆ ಮೈಮೇಲೆ ಅಂಟಿದ ಎಣ್ಣೆ ಒಳಕ್ಕೆ ಸೆಳೆಯಲ್ಪಡುತ್ತದೆ.

ಹಾಗಾಗಿ ತೆಗೆದ ಮೊದಲ ನಿಮಿಷ ಬಹಳ ಬೆಲೆಯುಳ್ಳದ್ದು. ಜಾಲರಿ ಸೌಟಿನಲ್ಲೇ ಬಾಣಲೆಯ ಮೇಲೆ ಹಿಡಿದು ಹದಿನೈದು ಸೆಕೆಂಡು ಅಲುಗಿಸಬೇಕು. ಆಮೇಲೆ ತಂತಿಯ ಜಾಲರಿಯ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಬೇಕು. ಒಟ್ಟಿ ರಾಶಿ ಹಾಕಿದರೆ ಮೇಲಿನದರ ಎಣ್ಣೆ ಕೆಳಗಿನದಕ್ಕೆ ಇಳಿಯುತ್ತದೆ. ಮುಚ್ಚಳ ಹಾಕಿದರೆ ಆವಿ ಒಳಗೇ ನಿಂತು ಸಿಪ್ಪೆ ಮೆತ್ತಗಾಗುತ್ತದೆ. ನೊಣ ಬರದಂತೆ ಬಲೆ ಮುಚ್ಚಿದರೆ ಸಾಕು.

ಕ್ರೀಡಾ ದಿನದ ವೇಳಾಪಟ್ಟಿ

ಈಗ ಪೂರ್ತಿ ಲೆಕ್ಕ ಹಾಕೋಣ. ಮಕ್ಕಳು 190. ತಿಂಡಿಯ ಹೊತ್ತು 11 ಗಂಟೆ. ಒಬ್ಬೆಗೆ 25, ಅದರಲ್ಲಿ ಒಂದು ಪರೀಕ್ಷೆಗೆ ಹೋದರೆ ಹಂಚಲು 24. ಎಂಟು ಒಬ್ಬೆಗೆ 192. ಸರಿಹೋಯಿತು.

ಒಬ್ಬೆಗೆ ಹನ್ನೆರಡು, ನಡುವೆ ಮೂರು, ಒಟ್ಟು ಹದಿನೈದು ನಿಮಿಷ. ಒಂದೇ ಬಾಣಲೆಯಾದರೆ ಎಂಟು ಒಬ್ಬೆಗೆ ಎರಡು ಗಂಟೆ. ಮೊದಲ ಒಬ್ಬೆ ಮಕ್ಕಳ ಕೈ ಸೇರುವ ಹೊತ್ತಿಗೆ ತೆಗೆದು ಎರಡು ಗಂಟೆಯಾಗಿರುತ್ತದೆ. ಬೇಯಿಸಿದ ಆಲೂಗಡ್ಡೆ ಪಲ್ಯ ಉಗುರು ಬೆಚ್ಚಗೆ ಅಷ್ಟು ಹೊತ್ತು ಇರುವುದು ಒಳ್ಳೆಯದಲ್ಲ, ರೋಗಾಣು ಬೆಳೆಯಲು ಅದು ಹಿತವಾದ ಬಿಸಿ. ಎರಡು ಬಾಣಲೆ ಇಟ್ಟರೆ ಒಂದೊಂದಕ್ಕೆ ನಾಲ್ಕೇ ಒಬ್ಬೆ. 9.30ಕ್ಕೆ ಒಲೆ ಹಚ್ಚಿ, ಎಣ್ಣೆ ಕಾಯಲು ಇಪ್ಪತ್ತು ನಿಮಿಷ ಬಿಟ್ಟು, 9.50, 10.05, 10.20, 10.35ಕ್ಕೆ ಒಬ್ಬೆ ಹಾಕಿದರೆ ಕೊನೆಯದು 10.47ಕ್ಕೆ ಹೊರಗೆ ಬರುತ್ತದೆ. ಮೊದಲು ತೆಗೆದದ್ದು ಕೂಡ ಕಾಯುವುದು ಒಂದು ಗಂಟೆಯೊಳಗೆ. ಮೊದಲು ಬಂದದ್ದನ್ನು ಮೊದಲು ಹಂಚಬೇಕು.

ಬಾಣಲೆ ಇಪ್ಪತ್ತು ಲೀಟರಿನದು, ಎಣ್ಣೆ ಹತ್ತೇ ಲೀಟರ್. ಸಮೋಸ ಬಿದ್ದಾಗ ನೊರೆ ಏಳಲು ಅಷ್ಟು ಜಾಗ ಬೇಕು. ಉಕ್ಕಿ ಒಲೆಗೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಮುಗಿದ ಮೇಲೆ ಎಣ್ಣೆಯ ಗತಿ ಏನು? ಕರಿದ ಎಣ್ಣೆ ಕೆಟ್ಟಿದೆಯೇ ಎಂದು ಅಳೆಯುವ ಸರಕಾರಿ ಮಿತಿಯೊಂದು 2018ರ ಜುಲೈ 1ರಿಂದ ಜಾರಿಯಲ್ಲಿದೆ: ಎಣ್ಣೆ ಒಡೆದು ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ಭಾಗ ಮೀರಬಾರದು. ಅಳೆಯುವ ಸಾಧನ ಎಲ್ಲರಲ್ಲೂ ಇರುವುದಿಲ್ಲ. ಎಣ್ಣೆ ಕಪ್ಪಾಗಿ ಅಂಟಂಟಾದರೆ, ನೊರೆ ಎದ್ದು ಇಳಿಯದಿದ್ದರೆ, 160ಕ್ಕೇ ಹೊಗೆ ಬಂದರೆ ಅದರ ಕಾಲ ಮುಗಿಯಿತು. ಹೊಸ ಎಣ್ಣೆ ಬೆರೆಸಿದರೆ ಹಳೆಯದು ಹೊಸದಾಗುವುದಿಲ್ಲ. ಮುಂದಿನ ಸಮಾರಂಭ ಎರಡು ತಿಂಗಳಾಚೆ ಇರುವುದರಿಂದ ಇಲ್ಲಿ ಎಣ್ಣೆಯನ್ನು ಎತ್ತಿಡುವುದಿಲ್ಲ. ಚರಂಡಿಗೂ ಸುರಿಯುವುದಿಲ್ಲ. ಬಯೋಡೀಸೆಲ್ ಮಾಡಲು ಒಯ್ಯುವವರಿಗೆ ಕೊಡುತ್ತಾರೆ.

ಗೋಡೆಯ ಮೇಲಿನ ಕಾರ್ಡ್

1. ಬಾಣಲೆಗೆ ಅರ್ಧ ಮಾತ್ರ ಎಣ್ಣೆ. ಲೀಟರಿಗೆ ಎರಡೂವರೆ ಸಮೋಸ. 10 ಲೀಟರಿಗೆ 25, ತಣ್ಣಗಿದ್ದರೆ 20.
2. ಎಣ್ಣೆ 150 ಡಿಗ್ರಿ ಆದ ಮೇಲೆ ಹಾಕಿ. ಬದಿಯಿಂದ ಜಾರಿಸಿ, ಮೇಲಿಂದ ಎಸೆಯಬೇಡಿ.
3. ಮೊದಲ 2 ನಿಮಿಷ ಮುಟ್ಟಬೇಡಿ. 8 ನಿಮಿಷದವರೆಗೆ 130–140.
4. ಕೊನೆಯ 4 ನಿಮಿಷ ಉರಿ ಏರಿಸಿ, 160ಕ್ಕೆ ತನ್ನಿ. ಹೊಂಬಣ್ಣ ಬಂದು ಗುಳ್ಳೆ ಕಡಿಮೆಯಾದರೆ ತೆಗೆಯಿರಿ.
5. 15 ಸೆಕೆಂಡು ಅಲುಗಿಸಿ. ಜಾಲರಿಯ ಮೇಲೆ ನಿಲ್ಲಿಸಿ. ರಾಶಿ ಬೇಡ, ಮುಚ್ಚಳ ಬೇಡ.
6. ಪ್ರತಿ ಒಬ್ಬೆಯಿಂದ ಒಂದು ಮುರಿದು ನೋಡಿ. ನಡುವೆ 75 ಡಿಗ್ರಿ ಇಲ್ಲದಿದ್ದರೆ, ಮೂಲೆ ಹಸಿಯಿದ್ದರೆ ಇಡೀ ಒಬ್ಬೆಯನ್ನು ಮತ್ತೆ ಎಣ್ಣೆಗೆ ಹಾಕಿ.
7. ಉರಿ ಆರಿಸಿ, ಚೂರು ತೆಗೆಯಿರಿ, 150ಕ್ಕೆ ಇಳಿಯುವವರೆಗೆ ಕಾಯಿರಿ. ಗಡಿಯಾರ ಏನೇ ಹೇಳಲಿ, ಥರ್ಮಾಮೀಟರಿನ ಮಾತೇ ಕೊನೆ.
8. ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಹಾಕಬೇಡಿ. ಗ್ಯಾಸ್ ಬಂದ್ ಮಾಡಿ, ದೊಡ್ಡ ಮುಚ್ಚಳ ಮುಚ್ಚಿ, ಬಾಣಲೆ ಕದಲಿಸಬೇಡಿ.