ಕೀಬೋರ್ಡ್‌ನ ಕಾಲು ಮಡಚಿಡಿ

ಕೀಬೋರ್ಡನ್ನು ಮಗುಚಿದರೆ ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳು ಕಾಣುತ್ತವೆ. ಹೊಸದು ಬಂದ ಕೂಡಲೇ ಬಹಳ ಮಂದಿ ಅವನ್ನು ಎತ್ತಿ ನಿಲ್ಲಿಸುತ್ತಾರೆ. ಅಕ್ಷರಗಳು ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ದಿನವಿಡೀ ಟೈಪ್ ಮಾಡುವವರ ಮಣಿಕಟ್ಟಿಗೆ ಆ ಕಾಲುಗಳಿಂದ ತೊಂದರೆಯೇ ಹೆಚ್ಚು.

ಮಣಿಕಟ್ಟಿನೊಳಗೆ ಮೂಳೆ ಮತ್ತು ಗಟ್ಟಿ ಪಟ್ಟಿಯಿಂದಾದ ಇಕ್ಕಟ್ಟಾದ ಸುರಂಗವಿದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಅದರಲ್ಲೇ ಹಾದುಹೋಗಬೇಕು. ಅಂಗೈ ಹಿಂದಕ್ಕೆ ಬಾಗಿದಷ್ಟೂ ಒಳಗಿನ ಒತ್ತಡ ಏರುತ್ತದೆ. ಕೀಬೋರ್ಡ್‌ನ ಹಿಂಬದಿ ಎತ್ತರವಾದರೆ ಕೈ ಬಾಗುವುದು ಹಾಗೆಯೇ.

ಕಾಲು ಮಡಚಿದರೂ ಮೇಜಿನ ಸಮಸ್ಯೆ ಉಳಿಯುತ್ತದೆ. ಸಾಮಾನ್ಯ ಕಚೇರಿ ಮೇಜು ಸುಮಾರು 75 ಸೆಂ.ಮೀ. ಎತ್ತರ. ಐದು ಅಡಿ ಎರಡು ಇಂಚಿನ ಡಿಟಿಪಿ ಆಪರೇಟರ್ ಒಬ್ಬರು ಪಾದ ನೆಲಕ್ಕೂರಿ ಕುಳಿತರೆ ಅವರ ಮೊಣಕೈ ಇರುವುದು ಹೆಚ್ಚುಕಡಿಮೆ 63 ಸೆಂ.ಮೀ. ಮೇಲೆ. ಕೀಲಿಗಳು ಅದಕ್ಕಿಂತ ಗೇಣು ಅರ್ಧದಷ್ಟು ಎತ್ತರದಲ್ಲಿವೆ! ಭುಜ ಎತ್ತಬೇಕು, ಇಲ್ಲವೇ ಮೇಜಿನ ಅಂಚಿಗೆ ಕೈ ಒತ್ತಿಕೊಂಡು ಅಂಗೈ ಬಾಗಿಸಬೇಕು. ಕುರ್ಚಿಯನ್ನು 12 ಸೆಂ.ಮೀ.ನಷ್ಟು ಏರಿಸಿ, ಪಾದದಡಿ ಅಷ್ಟೇ ಎತ್ತರದ ಮಣೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಮಣೆ ಮರೆತರೆ ತೊಡೆಯಡಿ ಒತ್ತು ಬಿದ್ದು ಕಾಲು ಜೋಮು ಹಿಡಿಯುತ್ತದೆ. ಮೇಜಿನಡಿಗೆ ಜಾರುವ ಟ್ರೇ ಹಾಕಿಸುವುದು ಇನ್ನೊಂದು ದಾರಿ. ಅದರ ಹಿಂಬದಿಯನ್ನು ತುಸು ತಗ್ಗಿಸುವಂತಿದ್ದರೆ ಇನ್ನೂ ಒಳ್ಳೆಯದು.

ಸರಿಯಾಯಿತೇ ಎಂದು ತಿಳಿಯಲು ಒಂದು ಸ್ಕೇಲು ಸಾಕು. ಟೈಪ್ ಮಾಡುತ್ತಿರುವವರ ಮುಂಗೈಯಿಂದ ಹಿಂಗೈವರೆಗೆ ಅದನ್ನು ಉದ್ದಕ್ಕೆ ಇಟ್ಟು ನೋಡಬೇಕು. ಮಣಿಕಟ್ಟಿನ ಬಳಿ ದೊಡ್ಡ ಸಂದು ಕಂಡರೆ ಕೈ ಇನ್ನೂ ಬಾಗಿಯೇ ಇದೆ.

ಎತ್ತರ, ಓರೆ ಎರಡನ್ನೂ ತಿದ್ದಿದರೂ ಒಂದು ತಿರುವು ಉಳಿಯುತ್ತದೆ. ಭುಜಗಳು ದೂರದೂರ, ಕೀಲಿಗಳು ನಡುವೆ. ಹಾಗಾಗಿ ಎರಡೂ ಕೈ ಒಳಗೆ ಬಂದು, ಮಣಿಕಟ್ಟಿನಲ್ಲಿ ಕಿರುಬೆರಳಿನತ್ತ ಹೊರಳುತ್ತವೆ. ಎರಡು ಹೋಳಾದ ಕೀಬೋರ್ಡ್ ಇದಕ್ಕೆಂದೇ ಇರುವುದು. ಹೋಳುಗಳನ್ನು ಭುಜದಗಲಕ್ಕೆ ಸರಿಸಿದರೆ ಮುಂಗೈ, ಅಂಗೈ ಒಂದೇ ಗೆರೆಗೆ ಬರುತ್ತವೆ. ಆರಂಭದಲ್ಲಿ ವೇಗ ಕುಸಿಯುತ್ತದೆ. ನುಡಿಯಲ್ಲಿ 'ಬ' ಮೂಡಿಸುವ b ಕೀಲಿ ಸಾಮಾನ್ಯವಾಗಿ ಎಡ ಹೋಳಿಗೆ ಸೇರಿರುತ್ತದೆ. ಅದನ್ನು ಬಲಗೈಯಲ್ಲಿ ಒತ್ತಿ ರೂಢಿಯಾದವರ ಬೆರಳು ಖಾಲಿ ಮೇಜನ್ನು ಕುಟ್ಟುತ್ತದೆ. ನೋಡಿಕೊಂಡು ಎರಡೇ ಬೆರಳಲ್ಲಿ ಟೈಪ್ ಮಾಡುವವರಿಗೆ ಇದರಿಂದ ಲಾಭ ಕಡಿಮೆ. ಬೆಲೆಯೂ ಹೆಚ್ಚು. ಆದ್ದರಿಂದ ಕುರ್ಚಿ, ಮಣೆ ಸರಿಮಾಡಿದ ಮೇಲಷ್ಟೇ ಇದರ ಯೋಚನೆ ಮಾಡುವುದು ಜಾಣತನ.

ಈ ಯಾವ ಬದಲಾವಣೆಯೂ ಚಿಕಿತ್ಸೆಯಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ, ಕೀಬೋರ್ಡ್ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಿ.