ಬರಿಯ ನಾನ್‌ಸ್ಟಿಕ್ ಕಾವಲಿಯನ್ನು ಉರಿಯ ಮೇಲಿಡಬೇಡಿ

ಭಟ್ಕಳವಿರಲಿ, ಹೊನ್ನಾವರವಿರಲಿ, ಕುಮಟೆಯಿರಲಿ, ನೀರುದೋಸೆಗೆ ಕಾವಲಿ ಕಾದಿದೆಯೋ ಇಲ್ಲವೋ ಅಂತ ನಾವು ನೋಡೋದು ಒಂದೇ ರೀತಿ. ನಾಲ್ಕು ಹನಿ ನೀರು ಚಿಮುಕಿಸೋದು, ‘ಚುರ್’ ಅಂತ ಆರಿಹೋದರೆ ಹಿಟ್ಟು ಹೊಯ್ಯೋದು. ಬೀಡಿನ ಕಾವಲಿಗೆ ಇದು ಸರಿಯಾದ ಪರೀಕ್ಷೆಯೇ. ಬೀಡು ದಪ್ಪ, ನಿಧಾನವಾಗಿ ಕಾಯುತ್ತದೆ, ಸ್ವಲ್ಪ ಹೆಚ್ಚು ಕಾದರೂ ಅದಕ್ಕೇನೂ ಕೇಡಿಲ್ಲ. ಆದರೆ ಈ ಅಭ್ಯಾಸವನ್ನು ಸೋದರಿಯರು ನಾನ್‌ಸ್ಟಿಕ್ ಕಾವಲಿಗೆ ತರಬಾರದು.

ಯಾಕೆಂದರೆ ನಾನ್‌ಸ್ಟಿಕ್ಕಿನ ಮೈಗೆ ನೀರು ಅಂಟುವುದೇ ಇಲ್ಲ. ಹನಿ ಗುಂಡಗಾಗಿ ಉರುಳಾಡುತ್ತದೆ. ಕಾವಲಿ ಬಹಳ ಕಾದಮೇಲಂತೂ ಹನಿಯ ಅಡಿಯಲ್ಲಿ ಆವಿಯ ಪದರ ಕಟ್ಟಿ, ಅದು ಇನ್ನಷ್ಟು ಹೊತ್ತು ಕುಣಿಯುತ್ತದೆ. ಹದವಾಗಿ ಕಾದಿದೆಯೋ, ಮಿತಿ ಮೀರಿದೆಯೋ, ಈ ಕುಣಿತ ನೋಡಿ ಹೇಳಲಾಗದು.

ಮಿತಿ ಅಂದರೆ ಎಷ್ಟು? ಟೆಫ್ಲಾನ್ ಜಾತಿಯ ಲೇಪವಿರುವ ಪಾತ್ರೆಗೆ 260 ಡಿಗ್ರಿ ಸೆಲ್ಸಿಯಸ್. ಅಂಗಡಿಯವರು ‘ಗ್ರಾನೈಟ್’ ಅಂತ ಕೊಡುವ ಚುಕ್ಕಿಚುಕ್ಕಿ ಕಾವಲಿಗಳಲ್ಲೂ ಹೆಚ್ಚಾಗಿ ಇದೇ ಲೇಪ ಇರುತ್ತದೆ, ಹೆಸರಿಗೆ ಮರುಳಾಗಬೇಡಿ. ದೋಸೆ ಬೇಯಲು 200 ಡಿಗ್ರಿಯ ಆಸುಪಾಸು ಸಾಕು. ಅಂದರೆ ದೋಸೆಯ ಹದಕ್ಕೂ ಅಪಾಯಕ್ಕೂ ನಡುವೆ ಇರುವ ಜಾಗ ತೀರ ಕಡಿಮೆ.

ಕಾವಲಿಯಲ್ಲಿ ಹಿಟ್ಟು ಇರುವ ತನಕ ಭಯವಿಲ್ಲ. ಹಿಟ್ಟಿನ ನೀರು ಆವಿಯಾಗುತ್ತಾ ಕಾವನ್ನು ತನ್ನ ಜೊತೆ ಹೊತ್ತೊಯ್ಯುತ್ತದೆ. ಬರಿಯ ಕಾವಲಿಗೆ ಆ ದಾರಿ ಇಲ್ಲ, ಉರಿಯ ಕಾವೆಲ್ಲ ಅದರ ಮೈಯಲ್ಲೇ ಕೂಡುತ್ತದೆ. ಕೆಳಗಿರುವುದು ತೆಳು ಅಲ್ಯುಮಿನಿಯಂ. ಬೆಳಗಿನ ಹೊತ್ತನ್ನೇ ನೋಡಿ. ದೊಡ್ಡ ಒಲೆಯಲ್ಲಿ ಉರಿ ಪೂರ್ತಿ ಮಾಡಿ ಕಾವಲಿ ಇಟ್ಟು, ‘ಕಾಯಲಿ’ ಅಂತ ಚಟ್ನಿಗೆ ಕಾಯಿ ತುರಿಯಲು ಕೂರುತ್ತೀರಿ. ಅರ್ಧ ಕಡಿ ತುರಿಯುವಷ್ಟರಲ್ಲಿ ನಾಲ್ಕೈದು ನಿಮಿಷ ಆಯಿತು. ಅಷ್ಟರಲ್ಲಿ ಕಾವಲಿ 260 ದಾಟಿರಬಹುದು. ಒಂದು ದೋಸೆ ತೆಗೆದು, ಬಡಿಸಿ ಬಂದು, ಮತ್ತೊಂದು ಹೊಯ್ಯುವ ನಡುವೆಯೂ ಹೀಗೇ. ಬಡಿಸಲು ಹೋಗುವಾಗ ಉರಿ ಆರಿಸಿ ಹೋಗಿ.

ನೀರಿನ ಬದಲು ಎಣ್ಣೆಯನ್ನು ನಂಬಿ. ತಣ್ಣನೆಯ ಕಾವಲಿಗೆ ಅರ್ಧ ಚಮಚ ತೆಂಗಿನೆಣ್ಣೆ ಸವರಿ, ಆಮೇಲೆ ಮಧ್ಯಮ ಉರಿಯಲ್ಲಿಡಿ. ಒಂದೆರಡು ನಿಮಿಷದಲ್ಲಿ ಎಣ್ಣೆ ತೆಳುವಾಗಿ ಮಿರುಗುತ್ತದೆ, ಆಗಲೇ ಹಿಟ್ಟು ಹಾಕಿ. ಗಾಣದ ತೆಂಗಿನೆಣ್ಣೆ 175 ಡಿಗ್ರಿ ಸುಮಾರಿಗೆ ಹೊಗೆಯಾಡಲು ಶುರುಮಾಡುತ್ತದೆ. ಹೊಗೆ ಕಂಡರೆ ಉರಿ ತಗ್ಗಿಸಲು ಇನ್ನೂ ಸಮಯವಿದೆ ಅಂತ ಅರ್ಥ. ರಿಫೈಂಡ್ ಎಣ್ಣೆ ಹೊಗೆಯಾಡೋದು 230ರ ಹತ್ತಿರ, ಅದು ಹೇಳುವಾಗ ತಡವಾಗಿರುತ್ತದೆ. ಈ ಒಂದು ಕೆಲಸಕ್ಕಾದರೂ ನಮ್ಮ ತೆಂಗಿನೆಣ್ಣೆಯೇ ಮೇಲು!

ಮಿತಿ ದಾಟಿದರೆ ಲೇಪ ಕೆಡಲು ತೊಡಗುತ್ತದೆ. 350ರ ಹೊತ್ತಿಗೆ ಕೆಟ್ಟ ಹೊಗೆ ಬಿಡುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಕೆಮ್ಮು, ಎದೆ ಬಿಗಿತ ಬರಬಹುದು. ಫ್ಲೂ ಅಂತಲೇ ತಿಳಿಯುತ್ತೇವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ತಡಮಾಡದೆ ಡಾಕ್ಟರರಲ್ಲಿಗೆ ಹೋಗಬೇಕು. ಪಂಜರದ ಲವ್ ಬರ್ಡ್ಸ್ ಇಟ್ಟವರು ಇನ್ನೂ ಜಾಗ್ರತೆ. ನಮಗೆ ಗೊತ್ತೇ ಆಗದಷ್ಟು ಹೊಗೆ ಆ ಹಕ್ಕಿಗಳ ಪ್ರಾಣ ತೆಗೆಯಬಲ್ಲದು. ಪಂಜರ ಅಡುಗೆಮನೆಯಲ್ಲಿ ಬೇಡವೇ ಬೇಡ.

ಹಾಗಾದರೆ ಯಾವುದಕ್ಕೆ ಬೇರೆ ಪಾತ್ರೆ? ಮಸಾಲೆಗೆ ಮೆಣಸು, ಕೊತ್ತಂಬರಿ ಎಣ್ಣೆಯಿಲ್ಲದೆ ಹುರಿಯೋದು ಕಬ್ಬಿಣದ ಬಾಣಲೆಯಲ್ಲಿ. ಚಪಾತಿ, ರೊಟ್ಟಿ ಕಬ್ಬಿಣದ ಕಾವಲಿಯಲ್ಲಿ, ಅವಕ್ಕೆ ಒಣ ಕಾವು, ಜೋರು ಉರಿ ಬೇಕು. ಬಿರಿಯಾನಿಗೆ ದಮ್ ಕೊಡಲು ಅಡಿ ದಪ್ಪದ ಪಾತ್ರೆಯೇ ಆಗಬೇಕು. ನೀರು ಇಂಗಿದ ಮೇಲೆ ತಳದಲ್ಲಿ ಎಷ್ಟು ಕಾವಿದೆ ಅಂತ ಮುಚ್ಚಳ ಮುಚ್ಚಿದವರಿಗೆ ಕಾಣೋದಿಲ್ಲ. ಸಾಸಿವೆ ಒಗ್ಗರಣೆಗೆ ಪುಟ್ಟ ಕಬ್ಬಿಣದ ಸೌಟು. ತೂತು ತೂತಾಗಿ ಏಳಬೇಕಾದ ನೀರುದೋಸೆ, ತೆಳ್ಳೇವು ನನಗಂತೂ ಬೀಡಿನ ಮೇಲೇ ಚೆಂದ. ರವೆ ಹಚ್ಚಿದ ಬಂಗಡೆ, ಮೊಟ್ಟೆ, ಉದ್ದಿನದೋಸೆ ಇವನ್ನು ಮಧ್ಯಮ ಉರಿಯಲ್ಲಿ ನಾನ್‌ಸ್ಟಿಕ್ಕಿನಲ್ಲೇ ಮಾಡಿಕೊಳ್ಳಿ, ಎಣ್ಣೆಯೂ ಉಳಿಯುತ್ತದೆ.

ಒಂದು ವೇಳೆ ಕಾವಲಿ ಬರಿದೇ ಕಾದು ಹೊಗೆ ಬಂದರೆ ಗ್ಯಾಸ್ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಬಿಸಿ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ತಳ ಸೊಟ್ಟಗಾಗುತ್ತದೆ. ತಾನಾಗಿ ತಣಿದ ಮೇಲೆ ನೋಡಿ. ಲೇಪದ ಬಣ್ಣ ಮಾಸಿ ಮಚ್ಚೆಯಾಗಿದ್ದರೆ, ಗುಳ್ಳೆ ಎದ್ದಿದ್ದರೆ ಅದನ್ನು ಅಡುಗೆಗೆ ಬಳಸಬೇಡಿ, ಗುಜರಿಗೆ ಹಾಕಿ.